ಯಾರನ್ನು ಕೇಳಬೇಕು, ಏನನ್ನು ಕೇಳಬೇಕು

ಮದುವೆಯಾದ ಹೆಂಗಸರಲ್ಲಿ ಗರ್ಭನಿರೋಧಕಗಳ ಅರಿವು ಎಷ್ಟಿದೆ ಎಂದು ಕೇಳಿದರೆ ನಮ್ಮ ದೇಶದಲ್ಲಿ ಒಂದು ಸಿದ್ಧ ಉತ್ತರವಿದೆ: ನೂರಕ್ಕೆ ತೊಂಬತ್ತೊಂಬತ್ತು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಒಂದಾದರೂ ಆಧುನಿಕ ವಿಧಾನದ ಹೆಸರು ಕೇಳಿದ್ದೇವೆ ಎಂದ ಹೆಂಗಸರ ಪ್ರಮಾಣ ಹೆಚ್ಚುಕಡಿಮೆ ಅಷ್ಟು. ಹಾಗಿದ್ದ ಮೇಲೆ, ಸಣ್ಣ ಊರಿನ ಆರೋಗ್ಯ ಕೇಂದ್ರದಲ್ಲಿ ಕೂತು ಇದೇ ವಿಷಯವನ್ನು ಮತ್ತೆ ಕೇಳಲು ಹೊರಟ ವಿದ್ಯಾರ್ಥಿನಿಗೆ ಹೊಸದೇನು ಸಿಗಬಹುದು?

ಸಿಗಬೇಕಾದದ್ದು ಬಹಳವಿದೆ. ಅದೇ ಸಮೀಕ್ಷೆಯ 2019–21ರ ಸುತ್ತಿನ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ವಿವಾಹಿತೆಯರಲ್ಲಿ ಶೇ. 68.7 ಮಂದಿ ಯಾವುದಾದರೊಂದು ವಿಧಾನ ಬಳಸುತ್ತಿದ್ದಾರೆ. ಆದರೆ ಅದರಲ್ಲಿ ಶೇ. 57.4 ಹೆಣ್ಣುಮಕ್ಕಳ ಆಪರೇಷನ್ ಒಂದೇ. ಮಾತ್ರೆ, ವಂಕಿ, ಚುಚ್ಚುಮದ್ದು, ನಿರೋಧ್ ಎಲ್ಲ ಸೇರಿದರೂ ಉಳಿದ ಸಣ್ಣ ಪಾಲು. ಗಂಡಸರ ಆಪರೇಷನ್ ಲೆಕ್ಕಕ್ಕೇ ಸಿಗುವುದಿಲ್ಲ. ಎಂದರೆ ಎರಡು ಮಕ್ಕಳಾಗುವ ತನಕ ಏನೂ ಇಲ್ಲ, ಆದ ಮೇಲೆ ಆಪರೇಷನ್. ನಮ್ಮಲ್ಲಿ ಬಹಳ ಮನೆಗಳ ಕುಟುಂಬ ಯೋಜನೆ ಇಷ್ಟೇ. ಮೊದಲ ಮಗುವಿಗೂ ಎರಡನೆಯದಕ್ಕೂ ನಡುವೆ ಅಂತರ ಬೇಕೆಂದವಳಿಗೆ ಏನು ಗೊತ್ತಿತ್ತು, ಏನನ್ನು ಯಾರೂ ಹೇಳಲೇ ಇಲ್ಲ ಎಂಬುದನ್ನು ತೊಂಬತ್ತೊಂಬತ್ತರ ಅಂಕಿ ಮುಚ್ಚಿಹಾಕುತ್ತದೆ. ಪ್ರಬಂಧ ಬಗೆದು ನೋಡಬೇಕಾದದ್ದು ಅಲ್ಲಿ.

ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಅಡಿಯ ಕಾಲೇಜುಗಳಲ್ಲಿ ಸಮುದಾಯ ವೈದ್ಯಶಾಸ್ತ್ರದ ಎಂ.ಡಿ., ನರ್ಸಿಂಗ್ ಎಂ.ಎಸ್‌ಸಿ. ಓದುವವರು ಕೆಲಸಕ್ಕಿಳಿಯುವ ಮೊದಲು ಒಂದು ಯೋಜನೆ ಬರೆದು ಒಪ್ಪಿಸಬೇಕು. ಕಾಲೇಜುಗಳಲ್ಲಿ ಅದನ್ನು ಸಿನಾಪ್ಸಿಸ್ ಎನ್ನುತ್ತಾರೆ. ಯಾಕೆ ಈ ಅಧ್ಯಯನ, ಯಾರನ್ನು ಕೇಳುತ್ತೀರಿ, ಎಷ್ಟು ಜನರನ್ನು, ಹೇಗೆ ಆರಿಸುತ್ತೀರಿ, ಏನು ಕೇಳುತ್ತೀರಿ, ಒಪ್ಪಿಗೆ ಹೇಗೆ ಪಡೆಯುತ್ತೀರಿ, ಇಷ್ಟೆಲ್ಲ ಕೆಲವೇ ಪುಟಗಳಲ್ಲಿ ಬರಬೇಕು. ನೀತಿ ಸಮಿತಿ ಒಪ್ಪದೆ ಒಬ್ಬ ಹೆಂಗಸನ್ನೂ ಮಾತಾಡಿಸುವಂತಿಲ್ಲ. ಪ್ರಬಂಧದ ಹಣೆಬರಹ ಬಹುಮಟ್ಟಿಗೆ ಈ ಪುಟಗಳಲ್ಲೇ ತೀರ್ಮಾನವಾಗುತ್ತದೆ. ಮೂರು ತಿಂಗಳು ಕೂತು ತುಂಬಿಸಿದ ನಾನೂರು ಪ್ರಶ್ನಾವಳಿಗಳನ್ನು ಆಮೇಲೆ ಯಾವ ಗಣಿತವೂ ಸರಿಪಡಿಸಲಾರದು.

ಒಂದು ಉದಾಹರಣೆ ಇಟ್ಟುಕೊಂಡು ನೋಡೋಣ. ಹಳೆ ಮೈಸೂರಿನ ಕಡೆಯ ಒಂದು ಸಣ್ಣ ಊರು, ಅಲ್ಲಿ ಮೂವತ್ತು ಹಾಸಿಗೆಯ ಸಮುದಾಯ ಆರೋಗ್ಯ ಕೇಂದ್ರ. ಸುತ್ತಲ ಹಳ್ಳಿಗಳಿಂದ ಬೆಳಗಿನ ಬಸ್ಸಿಗೆ ಬಂದವರು ಹನ್ನೆರಡರೊಳಗೆ ತೋರಿಸಿಕೊಂಡು ಹೊರಡುತ್ತಾರೆ. ಗುರುವಾರ ಮಕ್ಕಳ ಲಸಿಕೆ. ತಿಂಗಳ 9ನೇ ತಾರೀಕು ಗರ್ಭಿಣಿಯರ ತಪಾಸಣೆ. ಕೇಂದ್ರ ಕಲ್ಪನೆಯದೇ ಆದರೂ ಈ ವಾರದ ಲಯ ನಮ್ಮ ಕಡೆಯ ಯಾವುದೇ ಕೇಂದ್ರದಲ್ಲಿ ಕಾಣಸಿಗುವಂಥದ್ದು. ಲೆಕ್ಕಕ್ಕಾಗಿ ದಿನಕ್ಕೆ ಸರಾಸರಿ ಅರವತ್ತು ವಿವಾಹಿತೆಯರು, ತಮಗಾಗಿಯೋ ಮಗುವಿಗಾಗಿಯೋ ಬರುತ್ತಾರೆ ಎಂದಿಟ್ಟುಕೊಳ್ಳೋಣ.

ಅರಿವು ಎಂದರೆ ಏನು ಎಂದು ಮೊದಲೇ ಬರೆದಿಡಬೇಕು

ಯೋಜನೆಯಲ್ಲಿ ಮೊದಲು ನಿಲ್ಲಬೇಕಾದ ಜಾಗ ಇದು. "ಮಾತ್ರೆ ಬಗ್ಗೆ ಕೇಳಿದ್ದೀರಾ?" ಎಂದರೆ ಯಾರಾದರೂ ಹೂಂ ಎನ್ನುತ್ತಾರೆ. ಪ್ರಶ್ನೆಯಲ್ಲೇ ಉತ್ತರ ಕೊಟ್ಟ ಹಾಗಾಯಿತು. ಅದಕ್ಕೇ ಎರಡು ಹಂತ ಬೇಕು. ಮೊದಲು ಏನನ್ನೂ ಹೆಸರಿಸದೆ, "ಮಕ್ಕಳು ಬೇಡ ಅಂತಲೋ, ಸ್ವಲ್ಪ ತಡವಾಗಿ ಆಗಲಿ ಅಂತಲೋ ಇದ್ದರೆ ಏನೇನು ಮಾಡಬಹುದು ಅಕ್ಕಾ?" ಎಂದು ಕೇಳಿ, ತಾನಾಗಿ ಹೇಳಿದ್ದನ್ನಷ್ಟೇ ಗುರುತಿಸುವುದು. ಅವಳು ಮುಗಿಸಿದ ಮೇಲೆ ಉಳಿದ ವಿಧಾನಗಳ ಹೆಸರು ಒಂದೊಂದಾಗಿ ಹೇಳಿ, ಕೇಳಿದ್ದೀರಾ ಎನ್ನುವುದು. ಎರಡನ್ನೂ ಬೇರೆ ಬೇರೆ ಕಾಲಂನಲ್ಲಿ ಬರೆಯಬೇಕು. ಬೆರೆಸಿದರೆ ಮತ್ತೆ ತೊಂಬತ್ತೊಂಬತ್ತಕ್ಕೇ ಬಂದು ನಿಲ್ಲುತ್ತೇವೆ.

ಹೆಸರು ಹೇಳಿದರೆ ಸಾಕೇ? ಛಾಯಾ ಮಾತ್ರೆಯನ್ನೇ ತೆಗೆದುಕೊಳ್ಳಿ. ಇದು ಹಾರ್ಮೋನಿಲ್ಲದ ಮಾತ್ರೆ. ಇದರ ಮದ್ದನ್ನು ಕಂಡುಹಿಡಿದದ್ದು ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆ. ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಸಿಗುತ್ತದೆ. ಮುಟ್ಟಾದ ಮೊದಲ ದಿನ ಶುರುಮಾಡಿ, ಮೂರು ತಿಂಗಳು ವಾರಕ್ಕೆ ಎರಡು ಸಲ ನುಂಗಬೇಕು. ಭಾನುವಾರ ಶುರುಮಾಡಿದವಳಿಗೆ ಭಾನುವಾರ ಮತ್ತು ಬುಧವಾರ. ನಾಲ್ಕನೇ ತಿಂಗಳಿಂದ ಭಾನುವಾರ ಮಾತ್ರ. ಇದೇ ಕೌಂಟರಿನಲ್ಲಿ ಮಾಲಾ-ಎನ್ ಕೂಡ ಸಿಗುತ್ತದೆ. ಅದನ್ನು ದಿನಾ ನುಂಗಬೇಕು. ಇಪ್ಪತ್ತೆಂಟರಲ್ಲಿ ಇಪ್ಪತ್ತೊಂದು ಹಾರ್ಮೋನಿನವು, ಕೊನೆಯ ಏಳು ಕಬ್ಬಿಣಾಂಶದವು. ಎರಡರ ಹೆಸರೂ ಬಲ್ಲ ಹೆಂಗಸು ಮಾಲಾ-ಎನ್ ಅನ್ನು ವಾರಕ್ಕೊಮ್ಮೆ ನುಂಗಿದರೆ ಬಸಿರಾಗುತ್ತಾಳೆ. ಸಮೀಕ್ಷೆಯ ಲೆಕ್ಕದಲ್ಲಿ ಅವಳು ಅರಿವುಳ್ಳವಳೇ.

ಆದ್ದರಿಂದ ನಮ್ಮ ಯೋಜನೆಯಲ್ಲಿ ಪ್ರತಿ ವಿಧಾನಕ್ಕೂ ನಾಲ್ಕು ಪ್ರಶ್ನೆ ಇಡೋಣ. ಹೇಗೆ ಬಳಸುವುದು, ಎಷ್ಟು ಕಾಲ ಕೆಲಸ ಮಾಡುತ್ತದೆ, ತಪ್ಪಿದರೆ ಅಥವಾ ತೊಂದರೆಯಾದರೆ ಏನು ಮಾಡಬೇಕು, ಎಲ್ಲಿ ಸಿಗುತ್ತದೆ. ಅಂತರಾ ಚುಚ್ಚುಮದ್ದಾದರೆ ಮೂರು ತಿಂಗಳಿಗೊಮ್ಮೆ ಎಂಬುದರ ಜೊತೆಗೆ, ಮುಟ್ಟು ಏರುಪೇರಾಗಬಹುದು, ನಿಂತೇ ಹೋಗಬಹುದು, ಅದು ರೋಗವಲ್ಲ ಎಂಬುದು ಗೊತ್ತಿರಬೇಕು. ಇದು ಗೊತ್ತಿಲ್ಲದವಳು ಎರಡನೇ ಸೂಜಿಗೆ ಬರುವುದಿಲ್ಲ. ವಂಕಿಯಾದರೆ, ಕಾಪರ್-ಟಿ 380ಎ ಹತ್ತು ವರ್ಷದ ತನಕ ಇರಬಹುದು, ಬೇಡವೆಂದಾಗ ತೆಗೆಸಬಹುದು, ಅದು ಹೊಟ್ಟೆಯಿಂದ ಎದೆಗೆ ಹತ್ತುವುದಿಲ್ಲ. ಗಂಡಸರ ಆಪರೇಷನ್ ಬಗ್ಗೆ ಒಂದೇ ಪ್ರಶ್ನೆ ಸಾಕು, ತಿಳಿದವರನ್ನೂ ಕೇಳಿದವರನ್ನೂ ಅದು ಬೇರ್ಪಡಿಸುತ್ತದೆ: ಮಾಡಿಸಿಕೊಂಡ ತಕ್ಷಣ ಕೆಲಸ ಮಾಡುತ್ತದೆಯೇ? ಇಲ್ಲ. ಮೂರು ತಿಂಗಳು ಬೇರೆ ವಿಧಾನ ಬಳಸಿ, ವೀರ್ಯ ಪರೀಕ್ಷೆ ಮಾಡಿಸಿ ಖಚಿತಪಡಿಸಿಕೊಳ್ಳಬೇಕು.

ಇನ್ನು ಅಳತೆಗೋಲು. ಆಪರೇಷನ್ ಬಿಟ್ಟು, ಮಕ್ಕಳ ನಡುವೆ ಅಂತರ ಕೊಡುವ ಒಂದು ವಿಧಾನವನ್ನಾದರೂ ತಾನಾಗಿ ಹೆಸರಿಸಿ, ಅದರ ನಾಲ್ಕರಲ್ಲಿ ಮೂರಕ್ಕೆ ಸರಿಯಾಗಿ ಉತ್ತರಿಸಿದವಳಿಗೆ ಬಳಕೆಗೆ ಬರುವಷ್ಟು ಅರಿವಿದೆ ಎಂದು ಹಿಡಿಯೋಣ. ಬೇರೆಯವರು ಬೇರೆ ಗೆರೆ ಎಳೆಯಬಹುದು. ಉತ್ತರ ನೋಡುವ ಮೊದಲೇ ಎಳೆದಿರಬೇಕು ಎಂಬುದಷ್ಟೇ ಷರತ್ತು. ನಾನೂರು ಹಾಳೆ ಕೈಗೆ ಬಂದ ಮೇಲೆ, ಫಲಿತಾಂಶ ಚೆನ್ನಾಗಿ ಕಾಣುವಂತೆ ಗೆರೆ ಸರಿಸುವ ಆಸೆ ಎಂಥವರಿಗೂ ಬರುತ್ತದೆ.

ಎಷ್ಟು ಜನ ಬೇಕು

ಸಿನಾಪ್ಸಿಸ್‌ಗಳಲ್ಲಿ ಸಾಮಾನ್ಯವಾಗಿ ಬರುವ ಸೂತ್ರ ಇದು:

n = Z²pq / d²

ಇದರಲ್ಲಿ p ಎಂದರೆ ನಾವು ಅಳೆಯಹೊರಟ ಸಂಗತಿ ನೂರರಲ್ಲಿ ಎಷ್ಟು ಜನರಲ್ಲಿರಬಹುದು ಎಂಬ ಅಂದಾಜು. ನೂರರಲ್ಲಿ ಉಳಿದದ್ದು q. ಉತ್ತರ ಎಷ್ಟು ಆಚೀಚೆ ಆದರೂ ಒಪ್ಪಿಕೊಳ್ಳುತ್ತೇವೆ ಎಂಬುದು d. ಶೇ. 95 ಭರವಸೆಗೆ Z ಬೆಲೆ 1.96.

ಸೂತ್ರ ಸುಲಭ, ಎಡವುವುದು p ಹತ್ತಿರ. ಹೆಸರು ಕೇಳಿದವರ ಶೇ. 99ನ್ನು p ಜಾಗಕ್ಕೆ ಹಾಕಿ, ಶೇ. 5 ಆಚೀಚೆ ಸಾಕು ಎಂದರೆ ಉತ್ತರ ಹದಿನಾರು ಬರುತ್ತದೆ. ಹದಿನಾರು ಹೆಂಗಸರನ್ನು ಒಂದೇ ಬೆಳಿಗ್ಗೆ ಕೇಳಿ ಮುಗಿಸಬಹುದು! ಗಣಿತ ಸರಿಯಾಗಿಯೇ ಇದೆ, ಆದರೆ ನಾವು ಅಳೆಯುತ್ತಿರುವುದು ಹೆಸರು ಕೇಳಿದ್ದನ್ನಲ್ಲ. ಬಳಕೆಗೆ ಬರುವ ಅರಿವು ನಮ್ಮ ಗೆರೆಯ ಪ್ರಕಾರ ಎಷ್ಟಿದೆ ಎಂದು ಹೇಳುವ ಹಿಂದಿನ ಅಧ್ಯಯನ ಕೈಯಲ್ಲಿ ಇಲ್ಲದಿದ್ದರೆ p ಶೇ. 50 ಎಂದು ಹಿಡಿಯುವುದು ಕ್ಷೇಮ, ಏಕೆಂದರೆ ಅತಿ ಹೆಚ್ಚು ಜನರನ್ನು ಕೇಳುವುದು ಆ ಅಂಕಿಯೇ. ಆಗ 385 ಬರುತ್ತದೆ. ಹತ್ತರಲ್ಲಿ ಒಬ್ಬರು ಒಪ್ಪುವುದಿಲ್ಲ ಅಥವಾ ಬಸ್ಸಿಗೆ ಹೊತ್ತಾಯಿತೆಂದು ಅರ್ಧಕ್ಕೇ ಎದ್ದುಹೋಗುತ್ತಾರೆ ಎಂದುಕೊಂಡು 385ನ್ನು 0.9ರಿಂದ ಭಾಗಿಸಿದರೆ 428.

ಈ 385 ಜನ ಒಟ್ಟು ಉತ್ತರಕ್ಕೆ ಮಾತ್ರ ಸಾಕು. ಅವರಲ್ಲಿ ಒಂದೇ ಮಗುವಿರುವ ನೂರು ಜನರನ್ನು ಬೇರೆ ತೆಗೆದು ಅವರ ಅರಿವು ಇಷ್ಟು ಎಂದು ಹೇಳಹೊರಟರೆ, ಆಚೀಚೆ ಶೇ. 5 ಇದ್ದದ್ದು ಸುಮಾರು ಶೇ. 10ಕ್ಕೆ ಹಿಗ್ಗುತ್ತದೆ. ಬಹಳ ಪ್ರಬಂಧಗಳು ಇದನ್ನು ಮರೆತು, ಜನರನ್ನು ಓದು, ಜಾತಿ, ವಯಸ್ಸು, ಗಂಡನ ಕಸುಬು ಎಂದು ಚೂರುಚೂರು ಮಾಡಿ, ಹತ್ತು ಹನ್ನೆರಡು ಮಂದಿಯ ಗುಂಪುಗಳ ಮೇಲೆ ದೊಡ್ಡ ಮಾತು ಆಡುತ್ತವೆ. ಮೊದಲ ಮಗುವಿನ ತಾಯಂದಿರ ವಿಷಯವೇ ಮುಖ್ಯ ಅನ್ನಿಸಿದರೆ, ಅವರಿಗೆಂದೇ ಬೇರೆ ಲೆಕ್ಕ ಹಾಕಿ ಸಂಖ್ಯೆ ಹೆಚ್ಚಿಸಬೇಕು. ನನ್ನನ್ನು ಕೇಳಿದರೆ ಸಣ್ಣ ಊರಿನ ಅಧ್ಯಯನಕ್ಕೆ ಅದೇ ಹೆಚ್ಚು ಬೆಲೆಯ ಕೆಲಸ.

ಬೆಂಚಿನ ಮೇಲೆ ಕೂತವರು ಊರಿನವರೆಲ್ಲ ಅಲ್ಲ

ಅನ್ನ ಬೆಂದಿದೆಯೇ ಎಂದು ನೋಡಲು ಒಂದು ಅಗುಳು ಹಿಸುಕಿದರೆ ಸಾಕು, ಏಕೆಂದರೆ ಪಾತ್ರೆಯ ಅಷ್ಟೂ ಅಕ್ಕಿ ಒಂದೇ ನೀರಲ್ಲಿ ಬೆಂದಿರುತ್ತದೆ. ಆಸ್ಪತ್ರೆಗೆ ಬರುವ ಹೆಂಗಸರು ಹಾಗಲ್ಲ. ಗುರುವಾರ ಬರುವವರು ಎಳೆ ಮಕ್ಕಳ ತಾಯಂದಿರು. ಹೆರಿಗೆಯ ಹೊತ್ತಿನಲ್ಲಿ ಸಿಸ್ಟರ್ ಹೇಳಿದ್ದು ಇನ್ನೂ ಕಿವಿಯಲ್ಲಿರುತ್ತದೆ. 9ನೇ ತಾರೀಕು ಬರುವವರ ಕೈಯಲ್ಲಿ ತಾಯಿ ಕಾರ್ಡ್ ಇರುತ್ತದೆ. ಬೇರೆ ದಿನ ಜ್ವರ, ಮೈಕೈ ನೋವು, ಸಕ್ಕರೆ ಕಾಯಿಲೆ ಎಂದು ಬರುವ ನಲವತ್ತರ ಆಚೀಚಿನವರಲ್ಲಿ ಬಹುಪಾಲು ಮಂದಿಗೆ ಆಪರೇಷನ್ ಆಗಿ ವರ್ಷಗಳೇ ಆಗಿರುತ್ತವೆ. ವಿದ್ಯಾರ್ಥಿನಿ ತನಗೆ ಬಿಡುವಿದ್ದ ಗುರುವಾರಗಳಲ್ಲೇ ಕೂತು 428 ತುಂಬಿಸಿದರೆ ಅರಿವು ಚೆನ್ನಾಗಿದೆ ಎಂಬ ಫಲಿತಾಂಶ ಬರುತ್ತದೆ. ಅದು ಲಸಿಕೆಯ ದಿನದ ಫಲಿತಾಂಶ, ಕೇಂದ್ರದ್ದಲ್ಲ. ಸಿಕ್ಕವರನ್ನು ಕೇಳುವ ಈ ಪದ್ಧತಿಗೆ ಅನುಕೂಲದ ಮಾದರಿ ಎನ್ನುತ್ತಾರೆ. ಆಶಾ ಕಾರ್ಯಕರ್ತೆಯರಿಗೆ ಹೇಳಿ ಹೆಂಗಸರನ್ನು ಕರೆಸುವುದು ಇನ್ನೂ ಕೆಟ್ಟದ್ದು. ಅವರು ಕರೆತರುವುದು ತಮ್ಮ ಮಾತು ಕೇಳುವ ಮನೆಗಳವರನ್ನೇ.

ಇದರ ಬದಲು ವ್ಯವಸ್ಥಿತ ಮಾದರಿ ತೆಗೆಯಬಹುದು. ದಿನಕ್ಕೆ ಅರವತ್ತು ಜನ ಬರುತ್ತಾರೆ. ಒಬ್ಬರ ಹತ್ತಿರ ಇಪ್ಪತ್ತೈದು ನಿಮಿಷ ಹಿಡಿಯುವುದರಿಂದ ಬೆಳಗ್ಗೆ ಆರು ಜನರ ಹತ್ತಿರ ಮಾತಾಡಬಹುದು. ಅಂದರೆ ಪ್ರತಿ ಹತ್ತನೆಯವರು. ಬಾಗಿಲಲ್ಲಿ ಒಬ್ಬ ಸಹಾಯಕಿ ನಿಂತು, ಮದುವೆಯಾಗಿದೆಯೇ, ವಯಸ್ಸೆಷ್ಟು ಎಂದು ಎರಡೇ ಮಾತು ಕೇಳಿ, ಲೆಕ್ಕಕ್ಕೆ ಬರುವವರಿಗೆ ಸಾಲಾಗಿ ಟೋಕನ್ ಕೊಡುತ್ತಾಳೆ. ದಿನದ ಆರಂಭದಲ್ಲಿ ಒಂದರಿಂದ ಹತ್ತರ ತನಕದ ಚೀಟಿಗಳಲ್ಲಿ ಒಂದನ್ನು ಎತ್ತಬೇಕು. ನಾಲ್ಕು ಬಂತು ಎಂದುಕೊಳ್ಳಿ. 4, 14, 24, 34, 44, 54ನೇ ಟೋಕನ್ನಿನವರನ್ನು ಕೇಳುವುದು. ಮುಖ ನೋಡಿ ಆರಿಸುವ ಮಾತಿಲ್ಲ.

ಹೊರರೋಗಿ ರಿಜಿಸ್ಟರನ್ನೇ ಹಿಡಿದು ಹತ್ತನೆಯ ಹೆಸರು ಆರಿಸಬಾರದೇ ಎಂದರೆ, ಮಗುವಿಗೆ ಲಸಿಕೆ ಹಾಕಿಸಲು ಬಂದವಳ ಹೆಸರು ಅದರಲ್ಲಿ ಇರುವುದಿಲ್ಲ, ಮಗುವಿನದಿರುತ್ತದೆ. ಯಾರನ್ನು ಕೇಳಲು ಹೊರಟಿದ್ದೇವೋ ಅವರೇ ಪಟ್ಟಿಯಿಂದ ಜಾರಿಬಿಡುತ್ತಾರೆ. ಹಾಗೆಯೇ ಗುರುವಾರ ತೊಂಬತ್ತು ಜನ ಬಂದರೆ ಆರಕ್ಕೇ ನಿಲ್ಲಿಸಬಾರದು, ಹತ್ತಕ್ಕೊಬ್ಬರಂತೆ ಒಂಬತ್ತು ಮಂದಿಯನ್ನೂ ಕೇಳಬೇಕು; ಅವತ್ತು ಇನ್ನೊಬ್ಬ ಸಂದರ್ಶಕಿ ಬೇಕಾಗುತ್ತದೆ. ಹೀಗೆ ವಾರದ ಆರೂ ದಿನ ಕೂತರೆ ಸುಮಾರು ಎಪ್ಪತ್ತೆರಡು ದಿನ, ಹನ್ನೆರಡು ವಾರದ ಕೆಲಸ. ಪ್ರತಿ ವಾರವೂ ಹನ್ನೆರಡು ಸಲ ಬಂದಿರುತ್ತದೆ.

ಇಷ್ಟಾದರೂ ಒಂದು ಓರೆ ಉಳಿಯುತ್ತದೆ. ಬಸುರಿ ಮೂರು ತಿಂಗಳಲ್ಲಿ ಹಲವು ಸಲ ಬರುತ್ತಾಳೆ, ಆರೋಗ್ಯವಾಗಿರುವವಳು ಒಂದು ಸಲವೂ ಬರಲಿಕ್ಕಿಲ್ಲ. ಹೆಚ್ಚು ಬರುವವಳು ಆಯ್ಕೆಯಾಗುವ ಸಂಭವ ಹೆಚ್ಚು. ಈಗಾಗಲೇ ಕೇಳಿಸಿಕೊಂಡವಳು ಮತ್ತೆ ಸಿಕ್ಕರೆ ಬಿಟ್ಟು ಮುಂದಿನ ಟೋಕನ್ನಿನವಳನ್ನು ಕರೆಯುವುದು ಒಂದು ನಿಯಮ. ಕಳೆದ ಮೂರು ತಿಂಗಳಲ್ಲಿ ಎಷ್ಟು ಸಲ ಬಂದಿರಿ ಎಂದು ಪ್ರಶ್ನಾವಳಿಯಲ್ಲೇ ಕೇಳಿಟ್ಟುಕೊಂಡರೆ ಆಮೇಲೆ ಲೆಕ್ಕದಲ್ಲಿ ತಕ್ಕ ತೂಕ ಕೊಡಬಹುದು. ಖಾಸಗಿ ನರ್ಸಿಂಗ್ ಹೋಮಿಗೆ ಹೋಗುವವರು, ಬೆಂಗಳೂರಿಗೆ ಕೂಲಿಗೆ ಹೋದವರು, ಅತ್ತೆ ಮನೆಯಿಂದ ಹೊರಗೇ ಕಳಿಸದವರು ಈ ಮಾದರಿಯಲ್ಲಿ ಎಂದಿಗೂ ಬರುವುದಿಲ್ಲ. ಅದಕ್ಕೆ ಮದ್ದಿಲ್ಲ. ಯೋಜನೆಯ ಶೀರ್ಷಿಕೆಯಲ್ಲೇ "ಕೇಂದ್ರಕ್ಕೆ ಬರುವ" ಎಂಬ ಮಾತು ಇರಬೇಕಾದದ್ದು ಇದಕ್ಕಾಗಿ. ತಾಲ್ಲೂಕಿನ ಹೆಂಗಸರ ಅರಿವು ಎಂದು ಆಮೇಲೆ ಹಿಗ್ಗಿಸುವಂತಿಲ್ಲ.

ಯಾರನ್ನು ಬಿಡಬೇಕು ಎಂಬುದೂ ಬರೆದಿರಬೇಕು. ಗರ್ಭಿಣಿಯರನ್ನೂ ಆಪರೇಷನ್ ಆದವರನ್ನೂ ಕೈಬಿಡುವ ಯೋಜನೆಗಳಿವೆ. ಅರಿವಿನ ಪ್ರಶ್ನೆಗೆ ಹಾಗೆ ಬಿಡಲು ಕಾರಣವೇ ಇಲ್ಲ; ಈಗ ಏನು ಬಳಸುತ್ತಿದ್ದೀರಿ ಎಂಬ ಲೆಕ್ಕದಿಂದ ಗರ್ಭಿಣಿಯರನ್ನು ಹೊರಗಿಟ್ಟರೆ ಸಾಕು. ಆಪರೇಷನ್ ಆದವಳಿಗೆ ಒಂದು ಪ್ರಶ್ನೆ ಹೆಚ್ಚೇ ಇರಬೇಕು: ಮಾಡಿಸಿಕೊಳ್ಳುವ ಮೊದಲು ಬೇರೆ ವಿಧಾನಗಳೂ ಇವೆ ಎಂದು ಯಾರಾದರೂ ಹೇಳಿದ್ದರೇ? ವಯಸ್ಸಿನ ಕೆಳಗೆರೆ 18. ಅದಕ್ಕಿಂತ ಕಿರಿಯಳಾದ ಹೆಂಡತಿ ಸಿಕ್ಕರೆ ಪೋಕ್ಸೊ ಕಾಯ್ದೆಯಡಿ ವರದಿ ಮಾಡುವ ಹೊಣೆ ಸಂಶೋಧಕಿಯ ಮೇಲೆ ಬೀಳುತ್ತದೆ. ಆಗ ಮಾತು ಗುಟ್ಟಾಗಿಡುತ್ತೇವೆ ಎಂಬ ಭರವಸೆಯನ್ನು ಉಳಿಸಿಕೊಳ್ಳಲು ಆಗುವುದಿಲ್ಲ. ಮಾಹಿತಿ ಅತಿ ಹೆಚ್ಚು ಬೇಕಾದ ಹುಡುಗಿಯರೇ ಹೀಗೆ ಹೊರಗುಳಿಯುತ್ತಾರೆ ಎಂಬುದು ನೋವಿನ ಸಂಗತಿ. ಮಿತಿಗಳ ಪಟ್ಟಿಯಲ್ಲಿ ಇದನ್ನು ಬಾಯಿಬಿಟ್ಟು ಹೇಳಬೇಕು.

ಇನ್ನು ಮಾತುಕತೆ. ಕಿರಿಯ ಸೊಸೆಯ ಪಕ್ಕದಲ್ಲಿ ಅತ್ತೆ ಕೂತಿದ್ದರೆ ಉತ್ತರ ಅತ್ತೆಯದೇ. "ಅವಳಿಗೇನು ಗೊತ್ತು ಮೇಡಂ, ನಾನು ಹೇಳ್ತೀನಿ ಬರ್ಕೊಳ್ಳಿ" ಎನ್ನುವವರನ್ನು ನಯವಾಗಿ ಹೊರಗೆ ಕೂರಿಸಲು ಬೇರೆ ಕೋಣೆಯಾದರೂ ಬೇಕು, ಪರದೆಯಾದರೂ ಬೇಕು. ಆಗದೇ ಹೋದ ದಿನ, ಹತ್ತಿರ ಯಾರಿದ್ದರು ಎಂದು ಹಾಳೆಯ ಮೂಲೆಯಲ್ಲಿ ಗುರುತು ಹಾಕಿಕೊಳ್ಳಬೇಕು. ಕೊನೆಯಲ್ಲಿ ಒಬ್ಬಳೇ ಇದ್ದವರ ಉತ್ತರವನ್ನೂ ಜೊತೆಗಿದ್ದವರ ಉತ್ತರವನ್ನೂ ಹೋಲಿಸಿದರೆ ಭೇದ ಕಾಣುತ್ತದೆ. ಓದು ಬಾರದವಳ ಒಪ್ಪಿಗೆಗೆ ಹೆಬ್ಬೆಟ್ಟಿನ ಜೊತೆ ಓದುಬಲ್ಲ, ಯಾರ ಪರವೂ ಅಲ್ಲದ ಸಾಕ್ಷಿಯ ಸಹಿ ಬೇಕು. ಅತ್ತೆ ಆ ಸಾಕ್ಷಿಯಾಗಲಾರಳು. ವಂಕಿ ಹಾಕುವ ಸಿಸ್ಟರೇ ಪ್ರಶ್ನೆ ಕೇಳಬಾರದು. ಅವರ ಮುಂದೆ "ಯಾರೂ ಏನೂ ಹೇಳಲಿಲ್ಲ" ಎನ್ನಲು ಯಾರಿಗೂ ಬಾಯಿ ಬರುವುದಿಲ್ಲ. ಸಂದರ್ಶಕಿ ಹೆಣ್ಣಾಗಿರಬೇಕು, ಆ ಕೇಂದ್ರದವಳಾಗಿರಬಾರದು. ಪ್ರಶ್ನಾವಳಿಯನ್ನು ಮೊದಲು ಬೇರೊಂದು ಕೇಂದ್ರದಲ್ಲಿ ನಲವತ್ತು ಜನರ ಹತ್ತಿರ ಕೇಳಿ ನೋಡಿ, ಗೊಂದಲದ ಮಾತುಗಳನ್ನು ತಿದ್ದಿರಬೇಕು.

ನಡುವೆ ತಪ್ಪು ಉತ್ತರ ಬಂದಾಗ ತಿದ್ದಬೇಕೆನ್ನಿಸುತ್ತದೆ. ಮಾಲಾ-ಎನ್ ವಾರಕ್ಕೊಮ್ಮೆ ಎಂದವಳ ಮುಂದೆ ಸುಮ್ಮನೆ ಕೂರುವುದು ಕಷ್ಟ. ಆದರೆ ತಿದ್ದಿದರೆ ಮುಂದಿನ ಪ್ರಶ್ನೆಗಳ ಉತ್ತರ ಬದಲಾಗುತ್ತದೆ. ಪ್ರಶ್ನೆಗಳೆಲ್ಲ ಮುಗಿದ ಕೂಡಲೇ ಮಾತ್ರೆಯ ಪಟ್ಟಿಯನ್ನು ಕೈಗೆ ಕೊಟ್ಟು ಸಾವಕಾಶವಾಗಿ ವಿವರಿಸಲೇಬೇಕು; ಆ ಹತ್ತು ನಿಮಿಷ ಯೋಜನೆಯ ವೇಳಾಪಟ್ಟಿಯಲ್ಲೇ ಇರಬೇಕು. ಕೇಳಿ ಹೊರಬಂದವಳು ಬೆಂಚಿನಲ್ಲಿ ಕಾಯುತ್ತಿರುವ ಮುಂದಿನವಳಿಗೆ ಎಲ್ಲ ಹೇಳಿಬಿಡದ ಹಾಗೆ, ಹೊರಗೆ ಹೋಗುವ ದಾರಿ ಬೇರೆಯಿದ್ದರೆ ಒಳ್ಳೆಯದು.

ಕೆಲಸ ಹಳಿ ತಪ್ಪುತ್ತಿದೆಯೇ ಎಂದು ತಿಳಿಯಲು ಕೊನೆಯ ತನಕ ಕಾಯಬೇಕಿಲ್ಲ. ವಾರಕ್ಕೊಮ್ಮೆ ಹಾಳೆಗಳನ್ನು ದಿನವಾರು, ಸಂದರ್ಶಕಿವಾರು ಜೋಡಿಸಿ ನೋಡಬೇಕು. ಒಬ್ಬಳು ತಂದ ಹಾಳೆಗಳಲ್ಲಿ ಮಾತ್ರ ಎಲ್ಲರಿಗೂ ಎಲ್ಲ ಗೊತ್ತಿದ್ದರೆ ಅವಳು ಉತ್ತರ ಎತ್ತಿಕೊಡುತ್ತಿದ್ದಾಳೆ. ಮೊದಲ ವಾರಗಳಿಗಿಂತ ಕೊನೆಯ ವಾರಗಳಲ್ಲಿ ಅರಿವು ಏರುತ್ತ ಹೋದರೆ ಪ್ರಶ್ನೆಗಳು ಊರಲ್ಲಿ ಹರಡಿವೆ. ಒಲ್ಲೆ ಎಂದವರ ವಯಸ್ಸು, ಕಾರಣ ಬರೆದಿಟ್ಟರೆ ಅವರೆಲ್ಲ ಒಂದೇ ಬಗೆಯವರೇ ಎಂಬುದೂ ಗೊತ್ತಾಗುತ್ತದೆ. ಓದಿಗೂ ಅರಿವಿಗೂ ನಂಟಿದೆಯೇ ಎಂದು ನೋಡಲು ಕೈವರ್ಗ ಪರೀಕ್ಷೆ ಸಾಕು. ಆದರೆ ಒಂದೇ ಹೊತ್ತಿನಲ್ಲಿ ತೆಗೆದ ಚಿತ್ರದಿಂದ, ಓದಿದ್ದರಿಂದಲೇ ಅರಿವು ಬಂತು ಎಂದು ಹೇಳಲಾಗದು.

ಫಲಿತಾಂಶದ ಖಾಲಿ ಕೋಷ್ಟಕಗಳನ್ನು ಯೋಜನೆಯ ಜೊತೆಗೇ ಲಗತ್ತಿಸುವುದು ಒಳ್ಳೆಯ ಪದ್ಧತಿ. ಅದರಲ್ಲಿ ಒಂದು ಕೋಷ್ಟಕ ಕೇಂದ್ರದ ವೈದ್ಯಾಧಿಕಾರಿಗೆಂದೇ ಇರಲಿ: ಪ್ರತಿ ವಿಧಾನದ ನಾಲ್ಕು ಪ್ರಶ್ನೆಗಳಲ್ಲಿ ಎಷ್ಟು ಹೆಂಗಸರು ಎಲ್ಲಿ ತಪ್ಪಿದರು ಎಂಬುದು. ಎಲ್ಲಿ ಸಿಗುತ್ತದೆ ಎಂಬಲ್ಲಿ ತಪ್ಪಿದ್ದರೆ ಬಾಗಿಲಿಗೆ ಒಂದು ಬೋರ್ಡು ಸಾಕು. ಮಾತ್ರೆ ತಪ್ಪಿದರೆ ಏನು ಮಾಡಬೇಕು ಎಂಬಲ್ಲಿ ತಪ್ಪಿದ್ದರೆ, ಔಷಧಿ ಕೌಂಟರಿನಲ್ಲಿ ಪಟ್ಟಿ ಕೊಡುವವರು ಆ ಒಂದು ಮಾತು ಸೇರಿಸಿ ಹೇಳಬೇಕು. ಚುಚ್ಚುಮದ್ದಿನ ಅಡ್ಡಪರಿಣಾಮದಲ್ಲಿ ತಪ್ಪಿದ್ದರೆ, ಮೊದಲ ಸೂಜಿ ಹಾಕುವ ದಿನ ಸಿಸ್ಟರಿಗೆ ಐದು ನಿಮಿಷ ಹೆಚ್ಚು ಬಿಡುವು ಮಾಡಿಕೊಡಬೇಕು.